ಎಣಿಕೆ ಸರಿ, ಪ್ಯಾಂಟು ಬೇರೆಯವರದು: ಲಾಂಡ್ರಿ ಅಂಗಡಿಯ ಟ್ಯಾಗ್ ಲೆಕ್ಕ

ಒಂಬತ್ತು ಬಟ್ಟೆ ಕೊಟ್ಟ ಗಿರಾಕಿಗೆ ಒಂಬತ್ತು ಬಟ್ಟೆ ವಾಪಸ್ಸು ಹೋಗಿದೆ. ನೀವೂ ಎಣಿಸಿ ಕೊಟ್ಟಿದ್ದೀರಿ, ಅವರೂ ಎಣಿಸಿ ತೆಗೆದುಕೊಂಡಿದ್ದಾರೆ. ಎರಡು ತಿಂಗಳಾದ ಮೇಲೆ ಅವರು ಮದುವೆಗೆ ಹೊರಡುವ ಹೊತ್ತಿಗೆ ಸೂಟಿನ ಪ್ಯಾಂಟು ಸೊಂಟಕ್ಕೆ ಏರುವುದೇ ಇಲ್ಲ. ಬಣ್ಣ ಅದೇ ಕಪ್ಪು, ಬಟ್ಟೆಯೂ ಹೆಚ್ಚುಕಡಿಮೆ ಅದೇ, ಆದರೆ ಪ್ಯಾಂಟು ಇನ್ನೊಬ್ಬರದು. ಅಷ್ಟು ದಿನ ಕಳೆದ ಮೇಲೆ ಅವರದು ಯಾರ ಮನೆಗೆ ಹೋಯಿತು ಅಂತ ಹುಡುಕುವುದು ಎಲ್ಲಿಂದ?

ಇವತ್ತಿನ ಮಾತೆಲ್ಲ ಈ ಒಂದು ಪ್ಯಾಂಟಿನ ಸುತ್ತಲೇ. ಯಾಕೆಂದರೆ ನಮ್ಮಲ್ಲಿ ಬಹಳ ಅಂಗಡಿಗಳು ಟ್ಯಾಗನ್ನು ಎಣಿಕೆಗೆ ಮಾತ್ರ ಬಳಸುತ್ತವೆ. ಎಣಿಸುವುದು ಒಂದು ಕೆಲಸ, ಜೋಡಿಸುವುದು ಇನ್ನೊಂದು ಕೆಲಸ. ಒಂದು ಸರಿಯಿದ್ದೂ ಇನ್ನೊಂದು ತಪ್ಪಬಹುದು.

ಮನೆಯಲ್ಲಿ ಬಟ್ಟೆ ಒಗೆದರೆ ಟ್ಯಾಗು ಬೇಕಾಗುವುದಿಲ್ಲ, ಅಂಗಡಿಗೆ ಬೇಕು. ಬಟ್ಟೆ ಜಾಸ್ತಿ ಅನ್ನುವುದು ಇದಕ್ಕೆ ಅರ್ಧ ಕಾರಣ ಮಾತ್ರ. ಮುಖ್ಯ ಕಾರಣ, ನಾವೇ ಗಿರಾಕಿಯ ಗಂಟನ್ನು ಒಡೆಯುತ್ತೇವೆ. ಒಂದೇ ಬಿಲ್ಲಿನ ಬಿಳಿ ಶರ್ಟು ನೀರಿಗೆ ಹೋಗುತ್ತದೆ, ಸೂಟು ಡ್ರೈ ಕ್ಲೀನಿಂಗ್ ಮೆಷಿನ್ನಿಗೆ ಹೋಗುತ್ತದೆ, ರೇಷ್ಮೆ ಸೀರೆ ಬೇರೆ ಕೈಗೆ, ಕಲೆಯಿರುವ ರವಿಕೆ ಕಲೆ ತೆಗೆಯುವ ಮೇಜಿಗೆ. ಒಂದು ಬಿಲ್ಲು ನಾಲ್ಕು ದಾರಿ ಹಿಡಿದು, ನಾಲ್ಕು ಬೇರೆ ಬೇರೆ ಹೊತ್ತಿನಲ್ಲಿ ಇಸ್ತ್ರಿ ಮೇಜಿಗೆ ಬರುತ್ತದೆ. ಒಡೆದ ಗಂಟನ್ನು ಮತ್ತೆ ಕಟ್ಟಬೇಕಾದವನು ಇಸ್ತ್ರಿ ಆದಮೇಲೆ ನಿಲ್ಲುವ ಜೋಡಿಸುವವನು. ಟ್ಯಾಗನ್ನು ನಿಜವಾಗಿ ಓದುವವನು ಅವನೇ. ಕೌಂಟರಿನಲ್ಲಿ ಬರೆಯುವವರು ತಮಗೆ ಅರ್ಥವಾಗುವ ಹಾಗೆ ಬರೆದರೆ ಸಾಲದು.

ಹಿಂದೆ ಮಡಿವಾಳರು ಕರಿಗೇರಿನ ರಸದಲ್ಲಿ ಬಟ್ಟೆಯ ಮೂಲೆಗೆ ಗುರುತು ಹಾಕುತ್ತಿದ್ದರು. ಸುಣ್ಣ ಸೇರಿದರೆ ಅದು ಕಪ್ಪಾಗಿ ಕೂತುಬಿಡುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಕೆಲವರ ಚರ್ಮಕ್ಕೆ ಆ ರಸ ಆಗುವುದಿಲ್ಲ, ಗುರುತು ತಾಗಿದ ಜಾಗದಲ್ಲೇ ಬೊಕ್ಕೆ ಏಳುತ್ತದೆ. ಆ ಗುರುತು ಹೇಳುತ್ತಿದ್ದುದು 'ಇದು ಇಂಥ ಮನೆಯದು' ಅಂತ. ಹತ್ತಿಪ್ಪತ್ತು ಮನೆ, ಎಲ್ಲ ಒಂದೇ ಕೈಯಲ್ಲಿ, ಎಲ್ಲವೂ ನೀರಿನಲ್ಲಿ. ಅಷ್ಟಕ್ಕೆ ಅದು ಸಾಕಾಗಿತ್ತು. ನಮ್ಮ ಅಂಗಡಿಯಲ್ಲಿ ಮನೆ ಯಾವುದು ಎಂದರೆ ಸಾಲದು. ಯಾವ ದಿನದ ಬಿಲ್ಲು, ಅದರಲ್ಲಿ ಎಷ್ಟನೆಯ ಬಟ್ಟೆ, ಒಟ್ಟು ಎಷ್ಟು ಅನ್ನುವುದೂ ಬೇಕು.

ಹಾಗಾಗಿ ಟ್ಯಾಗಿನ ಮೇಲೆ ಏನಿರಬೇಕು ಅಂತ ಮೊದಲು ನೋಡೋಣ.

```
A 412
3/9   THU
```

ಇಷ್ಟೇ. ಹೆಸರು ಬೇಡ, ಫೋನ್ ನಂಬರು ಬೇಡ, ಅಂಗಡಿಯ ಲಾಂಛನವಂತೂ ಬೇಡವೇ ಬೇಡ. ಇರುವ ಎರಡು ಬೆರಳಗಲದ ಜಾಗವನ್ನು ಅಂಕಿಗೆ ಬಿಡಿ. ಮೇಲಿನ ಸಾಲು ಬಿಲ್ ನಂಬರು. ಕೆಳಗಿನದು ಒಂಬತ್ತರಲ್ಲಿ ಮೂರನೆಯದು, ಗುರುವಾರ ಕೊಡಬೇಕಾದದ್ದು. ಇದರಲ್ಲಿ ಜನ ಬಿಟ್ಟುಬಿಡುವುದು ಆ 'ಮೂರು ಬೈ ಒಂಬತ್ತನ್ನು'. ಬರೀ 412 ಅಂತ ಒಂಬತ್ತು ಬಟ್ಟೆಗೂ ಬರೆದು ಹಾಕುತ್ತಾರೆ. ಆಗ ಜೋಡಿಸುವವನ ಮುಂದೆ ಎಂಟು ಬಟ್ಟೆ ಬಂದರೆ ಅವನಿಗೆ ಅದು ಮುಗಿದ ಹಾಗೇ ಕಾಣುತ್ತದೆ. ಬಿಲ್ಲು ತೆಗೆದು ನೋಡಿದರೆ ಮಾತ್ರ ಒಂಬತ್ತು ಅಂತ ಗೊತ್ತಾಗುವುದು, ಮತ್ತು ಬಿಲ್ಲು ಸಾಮಾನ್ಯವಾಗಿ ಕೌಂಟರಿನ ಡ್ರಾಯರಿನಲ್ಲಿರುತ್ತದೆ. ಒಟ್ಟು ಸಂಖ್ಯೆ ಪ್ರತಿ ಟ್ಯಾಗಿನ ಮೇಲೂ ಇದ್ದರೆ, ಮೊದಲ ಶರ್ಟು ಕೈಗೆ ಬಂದ ಕೂಡಲೇ ಇನ್ನೂ ಎಂಟು ಬರಬೇಕು ಅಂತ ಅವನಿಗೆ ಗೊತ್ತಾಗುತ್ತದೆ.

ಕ್ರಮಸಂಖ್ಯೆಗೆ ಇನ್ನೊಂದು ಉಪಯೋಗವಿದೆ. ಬಿಲ್ಲಿನಲ್ಲಿ ಬರೆದ ಸಾಲಿನ ಕ್ರಮದಲ್ಲೇ ಟ್ಯಾಗ್ ಹಾಕಿದರೆ, ಏಳನೆಯದು ಕಾಣಿಸುತ್ತಿಲ್ಲ ಅಂದಾಗ ಹುಡುಕಬೇಕಾದದ್ದು ಏನು ಅಂತ ಬಿಲ್ಲೇ ಹೇಳುತ್ತದೆ. ಇಲ್ಲದಿದ್ದರೆ 'ಒಂದು ಕಮ್ಮಿ ಇದೆ' ಅಂತ ಮಾತ್ರ ಗೊತ್ತು. ಏನು ಕಮ್ಮಿ ಅಂತ ತಿಳಿಯಲು ಇರುವ ಎಂಟನ್ನೂ ಬಿಚ್ಚಿ ಹರಡಬೇಕು.

ಅಂಕಿಗಳನ್ನು ಕನ್ನಡದಲ್ಲಿ ಬರೆಯಬಾರದೇ ಅಂತ ಕೇಳುವವರಿದ್ದಾರೆ. ಬರೆಯಬಹುದು. ಆದರೆ ನಿಮ್ಮ ಇಸ್ತ್ರಿ ಮೇಜಿನ ಮುಂದೆ ನಿಂತಿರುವವರು ಯಾವ ಊರಿನವರು ಅಂತ ಒಮ್ಮೆ ನೋಡಿಕೊಳ್ಳಿ. ಬೇರೆ ಬೇರೆ ಲಿಪಿ ಓದುವ ನಾಲ್ಕು ಜನ ಒಂದೇ ಕೋಣೆಯಲ್ಲಿದ್ದರೆ ಎಲ್ಲರಿಗೂ ಸಮಾನವಾಗಿ ಗೊತ್ತಿರುವುದು ಮೊಬೈಲಿನಲ್ಲಿ ಕಾಣುವ ಅಂಕಿ, ಮತ್ತು ಬಣ್ಣ.

ಬಣ್ಣವನ್ನು ಕೊಡಬೇಕಾದ ವಾರಕ್ಕೆ ಕಟ್ಟಿ. ಗುರುವಾರಕ್ಕೆ ಗುಲಾಬಿ, ಶುಕ್ರವಾರಕ್ಕೆ ಹಳದಿ, ಹೀಗೆ. ಬುಧವಾರ ಸಂಜೆ ಕೋಣೆಯತ್ತ ಒಮ್ಮೆ ಕಣ್ಣಾಡಿಸಿದರೆ ಸಾಕು, ಇಸ್ತ್ರಿಯಾಗದೆ ಉಳಿದ ಗುಲಾಬಿ ಎಷ್ಟು ಅಂತ ಯಾರನ್ನೂ ಕೇಳದೆ ತಿಳಿಯುತ್ತದೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಗುಲಾಬಿಗೂ ಕಿತ್ತಳೆಗೂ ವ್ಯತ್ಯಾಸ ಬೇಗ ಗೊತ್ತಾಗದೆ ಹೋಗಬಹುದು, ಅದಕ್ಕೇ ಅವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಇನ್ನೊಂದು ಎಚ್ಚರ: ಬಣ್ಣದ ಕಾಗದ ತಾನೇ ಬಣ್ಣ ಬಿಡಬಾರದು. ಬಿಳಿ ಶರ್ಟಿನ ಕಾಲರಿನಲ್ಲಿ ತಿಳಿ ಗುಲಾಬಿ ಚೌಕ ಮೂಡಿದರೆ ಅದನ್ನು ತೆಗೆಯುವ ಕೆಲಸ ನಿಮ್ಮದೇ.

ನಂಬರಿನ ಮುಂದೆ ಇರುವ ಅಕ್ಷರ ಯಾಕೆ? ದಿನಕ್ಕೆ 60 ಬಿಲ್ಲು ಆಗುವ ಅಂಗಡಿ ಅಂತ ಇಟ್ಟುಕೊಳ್ಳಿ. 1ರಿಂದ 999ರವರೆಗೆ ಬರೆದು ಮತ್ತೆ 1ಕ್ಕೆ ಬಂದರೆ, ಹದಿನೇಳನೆಯ ದಿನ ಹಳೆಯ ನಂಬರು ಮತ್ತೆ ಶುರುವಾಗುತ್ತದೆ. ಗಿರಾಕಿಗಳೆಲ್ಲ ಹದಿನಾರು ದಿನದೊಳಗೆ ಬಂದು ಬಟ್ಟೆ ಒಯ್ಯುತ್ತಾರೆಯೇ? ನಿಮ್ಮ ರ‍್ಯಾಕಿನ ಮೇಲಿನ ಸಾಲನ್ನು ನೆನಪಿಸಿಕೊಳ್ಳಿ. ಚಳಿಗಾಲ ಮುಗಿದ ಮೇಲೆ ಕೊಟ್ಟ ಸ್ವೆಟರು, ರಗ್ಗು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಒಂದೇ ನಂಬರಿನ ಎರಡು ಗಂಟು ಒಂದೇ ರ‍್ಯಾಕಿನಲ್ಲಿದ್ದರೆ ಒಂದು ದಿನ ತಪ್ಪು ಗಂಟು ಹೋಗಿಯೇ ಹೋಗುತ್ತದೆ. ಮುಂದೊಂದು ಅಕ್ಷರ ಸೇರಿಸಿ, 999 ಮುಗಿದ ಕೂಡಲೇ ಅಕ್ಷರ ಬದಲಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ಐ, ಓ, ಕ್ಯೂ ಬಿಡಿ, ಒಂದು ಮತ್ತು ಸೊನ್ನೆಯಂತೆ ಕಾಣುತ್ತವೆ. ಎಸ್ ಐದರ ಹಾಗೆ, ಬಿ ಎಂಟರ ಹಾಗೆ, ಝಡ್ ಎರಡರ ಹಾಗೆ, ಜಿ ಆರರ ಹಾಗೆ. ಈ ಏಳನ್ನು ಬಿಟ್ಟರೆ ಹತ್ತೊಂಬತ್ತು ಉಳಿಯುತ್ತವೆ. ದಿನಕ್ಕೆ 60ರ ಲೆಕ್ಕದಲ್ಲಿ 316 ದಿನ ಒಂದೇ ನಂಬರು ಎರಡು ಸಲ ಬರುವುದಿಲ್ಲ.

ಇನ್ನು ಕೌಂಟರಿಗೆ ಬರೋಣ. ಒಳಗೆ ಆಗುವ ತಪ್ಪನ್ನು ಟ್ಯಾಗು ಹಿಡಿಯಬಲ್ಲದು. ಕೌಂಟರಿನಲ್ಲೇ ತಪ್ಪಾದರೆ ಆ ತಪ್ಪು ಲೆಕ್ಕವನ್ನೇ ಟ್ಯಾಗು ಕೊನೆಯವರೆಗೆ ಹೊತ್ತುಕೊಂಡು ಹೋಗುತ್ತದೆ.

ಪೀಸು ಅಂದರೆ ಏನು ಅಂತ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಉತ್ತರ ಇರಬೇಕು. ನಿಯಮ ಸರಳ: ಬಟ್ಟೆಯಿಂದ ಬೇರೆಯಾಗಿ ಬರುವುದೆಲ್ಲ ಒಂದು ಪೀಸು. ಸೂಟಿಗೆ ಬೆಲೆ ಒಂದು, ಪೀಸು ಎರಡು. ಒಳಗೆ ವೇಸ್ಟ್‌ಕೋಟು ಇದ್ದರೆ ಮೂರು. ಚೂಡಿದಾರ್ ಸೆಟ್ಟಿಗೆ ಟಾಪು, ಪ್ಯಾಂಟು, ದುಪಟ್ಟಾ ಮೂರು. ಸೀರೆ ಜೊತೆ ರವಿಕೆ ಇದ್ದರೆ ಎರಡು. ಬಿಚ್ಚಿ ಬರುವ ಬಟ್ಟೆಯ ಬೆಲ್ಟು, ಜಾಕೆಟಿನ ಟೋಪಿ, ಇವಕ್ಕೂ ಒಂದೊಂದು ಟ್ಯಾಗು. ಗಲಾಟೆ ಎಲ್ಲ ಆಗುವುದು ಇಲ್ಲೇ. ಬಿಲ್ಲಿನ ಬೆಲೆಯ ಕಾಲಮ್ಮಿನಲ್ಲಿ 'ಸೂಟು 1' ಅಂತ ಬರೆದವರು ಒಟ್ಟು ಹಾಕುವಾಗಲೂ ಒಂದೇ ಅಂತ ಕೂಡುತ್ತಾರೆ. ಅದಕ್ಕೆ ಬಿಲ್ಲಿನಲ್ಲಿ ಬೆಲೆಗೆ ಒಂದು ಕಾಲಮ್ಮು, ಪೀಸಿಗೆ ಇನ್ನೊಂದು ಕಾಲಮ್ಮು ಇರಲಿ.

ಎಣಿಸುವ ಕ್ರಮ ಹೀಗೆ. ಕೌಂಟರಿನ ಮೇಲೆ ಒಮ್ಮೆಗೆ ಒಬ್ಬರ ಬಟ್ಟೆ ಮಾತ್ರ. ಒಂದೊಂದನ್ನೇ ಬಿಚ್ಚಿ, ಬಾಯಿಬಿಟ್ಟು ಎಣಿಸುತ್ತ ಎಡಗಡೆಯಿಂದ ಬಲಗಡೆಗೆ ಹಾಕಿ. ಬಿಚ್ಚದೆ ಎಣಿಸಿದರೆ ಶರ್ಟಿನ ತೋಳೊಳಗೆ ಸೇರಿಕೊಂಡ ರವಿಕೆ, ದಿಂಬಿನ ಕವರಿನೊಳಗಿನ ಇನ್ನೊಂದು ಕವರು ಕಾಣುವುದಿಲ್ಲ. ಬಿಚ್ಚುವಾಗಲೇ ಜೇಬು ನೋಡಿ, ಕಲೆ, ಹರಿದದ್ದು, ಗುಂಡಿ ಇಲ್ಲದ್ದು ಬರೆದುಕೊಳ್ಳಿ. ಒಟ್ಟನ್ನು ಗಿರಾಕಿಗೆ ಕೇಳುವ ಹಾಗೆ ಹೇಳಿ. ಅವರು 'ಹೌದು, ಒಂಬತ್ತು' ಅಂದ ಮೇಲೆ ಬಿಲ್ಲು ಬರೆಯಿರಿ.

ಇಲ್ಲಿ ಒಂದು ಸಣ್ಣ ಉಪಾಯ ಇದೆ, ಖರ್ಚಿಲ್ಲದ್ದು. ಒಂಬತ್ತು ಅಂದ ಕೂಡಲೇ ಒಂಬತ್ತು ಟ್ಯಾಗನ್ನು ಪಟ್ಟಿಯಾಗಿ ಬರೆದು ಅಥವಾ ಮುದ್ರಿಸಿ ಹರಿದಿಟ್ಟುಕೊಳ್ಳಿ. ಆಮೇಲೆ ಬಟ್ಟೆಗೆ ಹಾಕುತ್ತ ಹೋಗಿ. ಕೊನೆಗೆ ಕೈಯಲ್ಲಿ ಒಂದು ಟ್ಯಾಗು ಉಳಿದರೆ ಅಥವಾ ಒಂದು ಬಟ್ಟೆ ಟ್ಯಾಗಿಲ್ಲದೆ ಉಳಿದರೆ, ಎಣಿಕೆ ತಪ್ಪಿದೆ. ಹಾಕುವಾಗ ಒಂದೊಂದೇ ಬರೆಯುವವರಿಗೆ ಈ ಪರೀಕ್ಷೆ ಸಿಗುವುದಿಲ್ಲ. ಬಟ್ಟೆ ಮುಗಿದಾಗ ಅವರ ಟ್ಯಾಗೂ ಮುಗಿದಿರುತ್ತದೆ, ಎಣಿಕೆ ಎಷ್ಟೇ ಇರಲಿ. ಗಿರಾಕಿ ಬಾಗಿಲು ದಾಟುವ ಮೊದಲೇ ಇದು ಆಗಬೇಕು. ಸಂಜೆ ಎಲ್ಲ ಒಟ್ಟಿಗೆ ಹಾಕಿಕೊಳ್ಳೋಣ ಅಂತ ಗಂಟು ಕಟ್ಟಿಟ್ಟರೆ ಎರಡು ಗಂಟು ಒಂದಾಗುವುದಕ್ಕೆ ಒಂದು ಬೆಕ್ಕು ಹಾರಿದರೂ ಸಾಕು.

ಎಣಿಸುವಾಗಲೇ ಹಳೆಯ ಟ್ಯಾಗನ್ನು ಹುಡುಕಿ ಕತ್ತರಿಸಿ ಹಾಕಿ. ಹೋದ ತಿಂಗಳು ನೀವೇ ಹಾಕಿದ್ದು ಇರಬಹುದು, ಬೇರೆ ಅಂಗಡಿಯದೂ ಇರಬಹುದು. ಒಂದು ಶರ್ಟಿಗೆ ಎರಡು ಟ್ಯಾಗು ಇದ್ದರೆ ಜೋಡಿಸುವವನು ಮೊದಲು ಕಣ್ಣಿಗೆ ಬಿದ್ದದ್ದನ್ನೇ ಓದುತ್ತಾನೆ.

ಬಿಲ್ಲಿನಲ್ಲಿ 'ಶರ್ಟು' ಅಂತ ಮಾತ್ರ ಬರೆಯಬೇಡಿ. 'ನೀಲಿ ಗೀಟು, ತುಂಬು ತೋಳು' ಅಂತ ಎರಡು ಪದ ಸೇರಿಸಿ. ವಕೀಲರ ಬಿಳಿ ಶರ್ಟು, ಡಾಕ್ಟರ ಬಿಳಿ ಕೋಟು, ಶಾಲೆಯ ಸಮವಸ್ತ್ರ ಇವೆಲ್ಲ ಒಂದೇ ಥರ ಇರುತ್ತವೆ. ಅಂಥವಕ್ಕೆ ಕಾಲರಿನ ಅಳತೆ ಬರೆಯಿರಿ: 'ಬಿಳಿ, 40'. ಟ್ಯಾಗು ಬಿದ್ದುಹೋದ ದಿನ ಈ ಎರಡು ಪದ ಬಿಟ್ಟರೆ ನಿಮಗೆ ಬೇರೆ ಆಸರೆ ಇಲ್ಲ.

ಟ್ಯಾಗ್ ಯಾವುದರಲ್ಲಿ ಮಾಡಬೇಕು ಅನ್ನುವ ಪ್ರಶ್ನೆ ಬಹಳ ಬರುತ್ತದೆ. ಅದು ನಾಲ್ಕು ಕಡೆ ಪಾಸಾಗಬೇಕು: ಸೋಪಿನ ಬಿಸಿನೀರು, ಪರ್ಕ್ ಎಂಬ ಡ್ರೈ ಕ್ಲೀನಿಂಗ್ ದ್ರಾವಣ, ಡ್ರಮ್ಮಿನ ಉಜ್ಜಾಟ, ಇಸ್ತ್ರಿಯ ಬಿಸಿ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುತ್ತದೆ. ಬಾಲ್‌ಪೆನ್ನಿನ ಶಾಯಿ ನೀರಿಗೆ ಅಷ್ಟಾಗಿ ಜಗ್ಗುವುದಿಲ್ಲ, ಪರ್ಕ್‌ನಲ್ಲಿ ಕರಗಿಹೋಗುತ್ತದೆ. ಶಾಯಿಪೆನ್ನಿನದು ನೀರಿನಲ್ಲೇ ಹರಿದುಹೋಗುತ್ತದೆ. ಎರಡಕ್ಕೂ ಕರಗದ್ದು ಸೀಸದ ಕಡ್ಡಿ. ಪೆನ್ಸಿಲಿನ ಗ್ರಾಫೈಟು ನೀರಿಗೂ ಕರಗದು, ಪರ್ಕಿಗೂ ಕರಗದು. ಉಜ್ಜಿದರೆ ಮಾತ್ರ ಮಾಸುತ್ತದೆ. ಕೈಬರಹದ ಅಂಗಡಿಗೆ ಮೆತ್ತನೆಯ ಕಪ್ಪು ಪೆನ್ಸಿಲು ಸಾಕು.

ಮುದ್ರಿಸುವವರು ಒಂದು ತಪ್ಪು ಮಾಡುತ್ತಾರೆ. ಬಿಲ್ಲು ಹೊಡೆಯುವ ಚಿಕ್ಕ ಥರ್ಮಲ್ ಪ್ರಿಂಟರಿನಲ್ಲೇ ಟ್ಯಾಗೂ ಹೊಡೆಯುತ್ತಾರೆ. ಆ ಕಾಗದಕ್ಕೆ ಶಾಯಿ ಇರುವುದಿಲ್ಲ, ಬಿಸಿ ತಾಗಿದ ಜಾಗ ಕಪ್ಪಾಗುವ ಲೇಪ ಮಾತ್ರ ಇರುತ್ತದೆ. ಇಸ್ತ್ರಿ ಪೆಟ್ಟಿಗೆ ತಾಗಿದರೆ ಇಡೀ ಚೀಟಿ ಕಪ್ಪು. ಕಪ್ಪಿನ ಮೇಲೆ ಕಪ್ಪು ನಂಬರನ್ನು ಓದುವವರಾರು? ಟ್ಯಾಗಿಗೆ ರಿಬ್ಬನ್ ಇರುವ, ಸೂಜಿ ಹೊಡೆಯುವ ಪ್ರಿಂಟರು ಬೇಕು, ನೀರಿಗೆ ಹರಿಯದ ಕಾಗದ ಬೇಕು. ಅಥವಾ ಸಿದ್ಧ ಉಡುಪಿನ ಲೇಬಲ್ಲಿಗೆ ಬಳಸುವ ನೈಲಾನ್ ಪಟ್ಟಿಯ ಮೇಲೆ ರೆಸಿನ್ ರಿಬ್ಬನ್ನಿನ ಮುದ್ರಣ. ಟೈವೆಕ್ ಅಂತ ಬರುವ ಹರಿಯದ ಹಾಳೆ ನೀರಿನಲ್ಲಿ ಚೆನ್ನಾಗಿ ಬಾಳುತ್ತದೆ, ಆದರೆ ಅದು ಪಾಲಿಎಥಿಲೀನ್. 135 ಡಿಗ್ರಿಗೆ ಕರಗುತ್ತದೆ. ಹತ್ತಿ ಬಟ್ಟೆಗೆ ಇಡುವ ಇಸ್ತ್ರಿ 200 ಡಿಗ್ರಿಯ ಹತ್ತಿರ ಇರುತ್ತದೆ. ಅದನ್ನು ಬಳಸಿದರೆ ಇಸ್ತ್ರಿ ಓಡದ ಜಾಗಕ್ಕೇ ಹಾಕಬೇಕು.

ಯಾವುದೇ ಹೊಸ ರೋಲು ತರುವ ಮೊದಲು ಹತ್ತು ಟ್ಯಾಗನ್ನು ಹಳೆಯ ಬಿಳಿ ಬಟ್ಟೆಗೆ ಸಿಕ್ಕಿಸಿ ಐದನ್ನು ನೀರಿಗೆ, ಐದನ್ನು ಡ್ರೈ ಕ್ಲೀನಿಂಗ್ ಮೆಷಿನ್ನಿಗೆ ಹಾಕಿ, ಒಣಗಿಸಿ, ಮೇಲೆ ಇಸ್ತ್ರಿ ಓಡಿಸಿ ನೋಡಿ. ಹತ್ತೂ ಓದಲು ಬರಬೇಕು, ಬಟ್ಟೆಗೆ ಬಣ್ಣ ಹತ್ತಿರಬಾರದು. ಒಂಬತ್ತು ಓದಲು ಬಂದವು, ಪರವಾಗಿಲ್ಲ ಅನ್ನಬೇಡಿ. ಹತ್ತರಲ್ಲಿ ಒಂದು ಅಂದರೆ ದಿನಕ್ಕೆ ಎಷ್ಟು ಅಂತ ನೀವೇ ಗುಣಿಸಿ.

ಸಿಕ್ಕಿಸುವುದು ಯಾವುದರಿಂದ? ಸ್ಟೇಪ್ಲರು ಬೇಗ ಆಗುತ್ತದೆ, ಅದಕ್ಕೇ ಎಲ್ಲ ಕಡೆ ಇದೆ. ಒದ್ದೆ ಬಟ್ಟೆ ಒಂದು ರಾತ್ರಿ ಬಕೆಟ್ಟಿನಲ್ಲಿ ಉಳಿದರೆ ಪಿನ್ನಿನ ತುದಿ ತುಕ್ಕು ಹಿಡಿದು ಎರಡು ಕಂದು ಚುಕ್ಕೆ ಬಿಡುತ್ತದೆ. ತುಕ್ಕಿಗೆ ಹಾಕುವ ಆಕ್ಸಾಲಿಕ್ ಆಸಿಡ್ಡು ಬಿಳಿ ಹತ್ತಿಗೆ ಸರಿ, ಬಣ್ಣದ ರೇಷ್ಮೆಗೆ ಹಾಕಲು ಧೈರ್ಯ ಬರುವುದಿಲ್ಲ. ಪೂರ್ತಿ ಮಡಿಸಿಕೊಳ್ಳದ ಪಿನ್ನಿನ ಕಾಲು ಡ್ರಮ್ಮಿನಲ್ಲಿ ಪಕ್ಕದ ಬಟ್ಟೆಯ ನೂಲನ್ನೂ ಎಳೆಯುತ್ತದೆ. ಸ್ಟೇಪ್ಲರು ಬಳಸಲೇಬೇಕೆಂದರೆ ಬಟ್ಟೆಗೆ ಹೊಡೆಯಬೇಡಿ, ತಯಾರಕರ ಲೇಬಲ್ಲಿಗೆ ಹೊಡೆಯಿರಿ. ನುಣುಪು ಬಟ್ಟೆಗೆ ಸಣ್ಣ ಹಿತ್ತಾಳೆ ಸೇಫ್ಟಿ ಪಿನ್ನು, ಇಲ್ಲವೇ ಟ್ಯಾಗಿನ ತೂತಿಗೆ ದಾರ ಹಾಕಿ ಕಟ್ಟುವುದು.

ಎಲ್ಲಿ ಹಾಕಬೇಕು ಅನ್ನುವುದು ಎಲ್ಲ ದಿನವೂ ಒಂದೇ ಆಗಿರಬೇಕು, ಜೋಡಿಸುವವನ ಕೈ ನೋಡದೆಯೇ ಅಲ್ಲಿಗೆ ಹೋಗಬೇಕು. ಶರ್ಟಿಗೆ ಅತಿ ಕೆಳಗಿನ ಕಾಜಾ, ಪ್ಯಾಂಟಿಗೆ ಹಿಂದಿನ ನಡುವಿನ ಬೆಲ್ಟ್ ಲೂಪು, ಕೋಟಿಗೆ ಕತ್ತಿನ ಒಳಗಿನ ನೇತುಹಾಕುವ ಕುಣಿಕೆ. ಸೀರೆಗೆ ಸೆರಗಿನ ಕಡೆ ಬೇಡ. ಒಳಗೆ ಸಿಕ್ಕಿಸುವ ತುದಿಯ ಮೂಲೆಯಲ್ಲಿ ಫಾಲ್ಸಿನ ಹೊಲಿಗೆಗೆ ದಾರದಿಂದ ಕಟ್ಟಿ. ಜರಿಯ ಮೇಲೆ ಪಿನ್ನು ಚುಚ್ಚಿದರೆ ಲೋಹದ ಎಳೆ ಕಿತ್ತು ಬರುತ್ತದೆ. ಶಿಫಾನ್ ದುಪಟ್ಟಾಕ್ಕೆ ಪೀಕೋ ಮಾಡಿದ ಅಂಚಿನೊಳಗೆ ದಾರ ಹೋಗಲಿ, ನೇಯ್ಗೆಯ ನಡುವೆ ಬೇಡ. ಇಸ್ತ್ರಿಯ ದೃಷ್ಟಿಯಿಂದಲೂ ಜಾಗ ನೋಡಬೇಕು. ಬಟ್ಟೆಯ ಅಡಿಗೆ ಟ್ಯಾಗು ಸಿಕ್ಕಿಕೊಂಡಿರುವಾಗ ಮೇಲಿನಿಂದ ಒತ್ತಿದರೆ ಕಪ್ಪು ಪ್ಯಾಂಟಿನ ಮೇಲೆ ಹೊಳೆಯುವ ಚೌಕ ಅಚ್ಚಾಗುತ್ತದೆ.

ಈಗ ಜೋಡಿಸುವ ಜಾಗಕ್ಕೆ ಹೋಗೋಣ. ಗೋಡೆಗೆ ಹತ್ತು ಕೊಕ್ಕೆ ಅಥವಾ ಹತ್ತು ಕಂಬಿ ಇರಲಿ, 0ರಿಂದ 9ರವರೆಗೆ. ಇಸ್ತ್ರಿಯಾದ ಬಟ್ಟೆ ಬಿಲ್ ನಂಬರಿನ ಕೊನೆಯ ಅಂಕಿಯ ಕೊಕ್ಕೆಗೆ ಹೋಗುತ್ತದೆ. 412 ಎರಡಕ್ಕೆ, 417 ಏಳಕ್ಕೆ. ಮೊದಲ ಅಂಕಿ ಯಾಕಲ್ಲ? ಒಂದೇ ದಿನದ ಬಿಲ್ಲೆಲ್ಲ ನಾಲ್ಕುನೂರರ ಆಸುಪಾಸು ಇದ್ದರೆ ಎಲ್ಲ ಬಟ್ಟೆಯೂ ನಾಲ್ಕನೆಯ ಕೊಕ್ಕೆಗೇ ಬೀಳುತ್ತದೆ. ಕೊನೆಯ ಅಂಕಿ ಮಾತ್ರ ಸಮನಾಗಿ ಹಂಚುತ್ತದೆ: ದಿನಕ್ಕೆ 60 ಬಿಲ್ಲಾದರೆ ಕೊಕ್ಕೆಗೆ ಆರು ಬಿಲ್ಲು.

ಒಂದು ದಿನದ ಎರಡನೆಯ ಕೊಕ್ಕೆಯನ್ನೇ ತೆಗೆದುಕೊಳ್ಳಿ. ಅಲ್ಲಿ 402, 412, 422, 432, 442, 452 ಇವೆ. ಎ 412 ಒಂಬತ್ತು ಪೀಸು. ಬಿಲ್ಲಿನ ಕ್ರಮದಲ್ಲಿ 1ರಿಂದ 3 ಶರ್ಟು, 4 ಮತ್ತು 5 ಪ್ಯಾಂಟು, 6 ಕಪ್ಪು ಕೋಟು, 7 ಅದರ ಪ್ಯಾಂಟು, 8 ಸೀರೆ, 9 ರವಿಕೆ. ಎ 452 ಎರಡೇ ಪೀಸು: 1 ಕಪ್ಪು ಕೋಟು, 2 ಅದರ ಪ್ಯಾಂಟು. ಎರಡಕ್ಕೂ ಗುರುವಾರ, ಎರಡಕ್ಕೂ ಗುಲಾಬಿ ಟ್ಯಾಗು, ಎರಡೂ ಒಂದೇ ಮೆಷಿನ್ ಲೋಡಿನಲ್ಲಿ ಹೋದದ್ದು. ಜೋಡಿಸುವವನು ಕಪ್ಪು ಕೋಟಿನ ಜೊತೆಗೆ ಕೈಗೆ ಸಿಕ್ಕ ಕಪ್ಪು ಪ್ಯಾಂಟು ಹಾಕಿದ. ಇನ್ನೊಂದು ಕೋಟಿಗೆ ಉಳಿದದ್ದು ಹಾಕಿದ. ಈಗ ಎಣಿಸಿ. 412ರಲ್ಲಿ ಒಂಬತ್ತು ಇದೆ. 452ರಲ್ಲಿ ಎರಡು ಇದೆ. ಬಿಲ್ಲಿಗೂ ತಾಳೆಯಾಗುತ್ತದೆ, ಸಂಜೆಯ ಲೆಕ್ಕಕ್ಕೂ ತಾಳೆಯಾಗುತ್ತದೆ. ಬಣ್ಣವೂ ಸರಿ. ಮೊದಲು ಹೇಳಿದ ಪ್ಯಾಂಟು ಮನೆ ಬದಲಿಸಿದ್ದು ಹೀಗೆ.

ಇದನ್ನು ಹಿಡಿಯುವುದು ಒಂದೇ ಕ್ರಮ. ಒಂಬತ್ತೂ ಬಂದ ಮೇಲೆ ಎಣಿಸುವ ಬದಲು ಕ್ರಮಸಂಖ್ಯೆ ಕರೆಯಬೇಕು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಒಂದು ಬೈ ಒಂಬತ್ತು, ಎರಡು ಬೈ ಒಂಬತ್ತು, ಹೀಗೆ ಟ್ಯಾಗನ್ನು ಕೈಯಲ್ಲಿ ಹಿಡಿದು ಓದುತ್ತ ಹೋಗಿ. ಏಳು ಬೈ ಒಂಬತ್ತು ಬರಬೇಕಾದ ಕಡೆ 'ಎ 452, ಎರಡು ಬೈ ಎರಡು' ಅಂತ ಕಾಣುತ್ತದೆ. ತಪ್ಪು ಅಲ್ಲೇ ನಿಲ್ಲುತ್ತದೆ, ಮತ್ತು ಸರಿಯಾದ ಪ್ಯಾಂಟು ಎಲ್ಲಿದೆ ಅನ್ನುವುದೂ ಅದೇ ಟ್ಯಾಗಿನಲ್ಲಿ ಬರೆದಿದೆ. ಒಂಬತ್ತು ಟ್ಯಾಗು ಓದಲು ಅರ್ಧ ನಿಮಿಷವೂ ಬೇಡ. ಜೋಡಿಸುವವನೇ ಹಾಜರಿ ಕರೆಯಬಾರದು, ಪ್ಯಾಕ್ ಮಾಡುವವನು ಕರೆಯಬೇಕು. ತಾನೇ ಹಾಕಿದ ಪ್ಯಾಂಟು ಸರಿಯಾಗಿಯೇ ಇದೆ ಅಂತ ಕಣ್ಣು ಮೊದಲೇ ಒಪ್ಪಿಕೊಂಡಿರುತ್ತದೆ.

ಅಂದಹಾಗೆ, ಸೂಟಿನ ಎರಡು ಪೀಸನ್ನು ಒಂದೇ ಲೋಡಿನಲ್ಲಿ ಹಾಕುವುದನ್ನು ಈ ಭಯಕ್ಕೆ ಬಿಡಬೇಡಿ. ಬೇರೆ ಬೇರೆ ಲೋಡಿನಲ್ಲಿ ಹೋದರೆ ಕೋಟಿಗೂ ಪ್ಯಾಂಟಿಗೂ ಬಣ್ಣದ ಛಾಯೆ ಬದಲಾಗಬಹುದು. ಅದು ಇನ್ನೂ ಕೆಟ್ಟ ಜಗಳ.

ಟ್ಯಾಗಿಲ್ಲದ ಬಟ್ಟೆ ಸಿಕ್ಕರೆ? ಅದಕ್ಕೆ ಒಂದು ಬೇರೆ ಬುಟ್ಟಿ ಇರಲಿ, ಕೌಂಟರಿನವರ ಕಣ್ಣಿಗೆ ಬೀಳುವ ಕಡೆ. 'ಇದು 412ರದ್ದೇ ಇರಬೇಕು' ಅಂತ ಯಾರೂ ಅಂದಾಜಿನಲ್ಲಿ ಹೊಸ ಟ್ಯಾಗು ಬರೆಯಬಾರದು. ದಾರಿ ಉಲ್ಟಾ: ಮೊದಲು ಯಾವ ಬಿಲ್ಲಿನಲ್ಲಿ ಯಾವ ಕ್ರಮಸಂಖ್ಯೆ ಖಾಲಿಯಿದೆ ಅಂತ ಪಟ್ಟಿ ಮಾಡಿ, ಆ ಸಾಲಿನ ವಿವರಣೆಗೆ ಬಟ್ಟೆ ಹೊಂದುತ್ತದೆಯೇ ನೋಡಿ. ಎರಡು ಬಿಲ್ಲಿಗೆ ಹೊಂದಿದರೆ ಎರಡನ್ನೂ ತಡೆಹಿಡಿದು ಗಿರಾಕಿಯನ್ನೇ ಕೇಳಿ. ಮೆಷಿನ್ನಿನ ಬಾಗಿಲ ರಬ್ಬರಿನ ಸಂದಿ, ಕಳಚಿದ ಗುಂಡಿ ಹಿಡಿಯುವ ಬಟನ್ ಟ್ರ್ಯಾಪು, ಇಸ್ತ್ರಿ ಮೇಜಿನ ಹಿಂಭಾಗ, ಈ ಮೂರು ಕಡೆ ದಿನಾ ಕೈ ಆಡಿಸಿ. ಬಿದ್ದ ಟ್ಯಾಗು, ಒಂಟಿ ಸಾಕ್ಸು, ಬೆಲ್ಟು ಎಲ್ಲ ಅಲ್ಲೇ ಇರುತ್ತವೆ.

ಸಂಜೆಯ ಲೆಕ್ಕ ನಾಲ್ಕು ಸಂಖ್ಯೆಯದು. ಬೆಳಿಗ್ಗೆ ಅಂಗಡಿಯಲ್ಲಿ 412 ಪೀಸು ಇತ್ತು ಅಂದುಕೊಳ್ಳಿ, ಬಿಲ್ ನಂಬರಿಗೂ ಇದಕ್ಕೂ ಸಂಬಂಧವಿಲ್ಲ. ಬಂದದ್ದು 187, ಹೋದದ್ದು 164. ಉಳಿದದ್ದು 435 ಇರಬೇಕು. ವಾರಕ್ಕೊಮ್ಮೆ ಇಡೀ ಅಂಗಡಿ ಎಣಿಸಿ. 434 ಬಂದರೆ ಕಳೆದದ್ದು ಈ ವಾರದಲ್ಲೇ ಅಂತ ಖಚಿತ. ಬಿಲ್ಲಿನ ಸಂಖ್ಯೆಯಲ್ಲಿ ಲೆಕ್ಕ ಇಡುವವರಿಗೆ ಇದು ಗೊತ್ತಾಗುವುದು ಗಿರಾಕಿ ಬಂದು ಕೇಳಿದಾಗಲೇ. ಆದರೆ ಈಗ ತಾನೇ ನೋಡಿದಿರಿ, ಅದಲುಬದಲಾದ ಪ್ಯಾಂಟನ್ನು ಈ ಲೆಕ್ಕ ಹಿಡಿಯುವುದಿಲ್ಲ. ಕಳೆದದ್ದಕ್ಕೆ ಇದು, ಬದಲಾದದ್ದಕ್ಕೆ ಹಾಜರಿ.

ಹೊರಗಿನ ಫ್ಯಾಕ್ಟರಿಗೆ ಬಟ್ಟೆ ಕಳಿಸುವ ಕಲೆಕ್ಷನ್ ಅಂಗಡಿಯವರು ಟ್ಯಾಗಿಗೆ ಅಂಗಡಿಯ ಎರಡಕ್ಷರದ ಕೋಡು ಸೇರಿಸಬೇಕು, ಇಲ್ಲದಿದ್ದರೆ ಎರಡು ಶಾಖೆಯ ಎ 412 ಅಲ್ಲಿ ಒಂದೇ ಆಗಿಬಿಡುತ್ತದೆ. ಚಲನ್‌ನಲ್ಲಿ 'ಮೂಟೆ 3' ಅಂತ ಬರೆಸಿಕೊಂಡು ಸಹಿ ಮಾಡಬೇಡಿ. ಬಿಲ್ ನಂಬರು, ಪಕ್ಕದಲ್ಲಿ ಪೀಸು, ಕೊನೆಗೆ ಒಟ್ಟು. ಕೊಡುವವರೂ ಪಡೆಯುವವರೂ ಎಣಿಸಿ ಸಹಿ.

ಬಾರ್‌ಕೋಡ್ ಬಗ್ಗೆ ಎರಡು ಮಾತು. ಬಟ್ಟೆಗೆ ಬಿಸಿಯಲ್ಲಿ ಒತ್ತಿ ಅಂಟಿಸುವ ಶಾಶ್ವತ ಲೇಬಲ್ಲು ತಿಂಗಳು ತಿಂಗಳೂ ಬರುವ ಗಿರಾಕಿಯ ಶರ್ಟು, ಹಾಸಿಗೆ ಬಟ್ಟೆಗೆ ಒಳ್ಳೆಯದು. ಅಂಟಿಸಲು ಸುಮಾರು 200 ಡಿಗ್ರಿ ಬಿಸಿ ಬೇಕಾಗುವುದರಿಂದ ರೇಷ್ಮೆ, ಸಿಂಥೆಟಿಕ್ಕಿಗೆ ಬೇಡ, ಮತ್ತು ಗಿರಾಕಿಯನ್ನು ಕೇಳದೆ ಯಾವುದಕ್ಕೂ ಬೇಡ. ಸಾಫ್ಟ್‌ವೇರು ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಒಂದೇ ಶರ್ಟನ್ನು ಎರಡು ಸಲ ಸ್ಕ್ಯಾನ್ ಮಾಡಿ. ಎರಡು ಅಂತ ಎಣಿಸಿದರೆ ಅದು ಬೇಡ. ಎರಡನೆಯ ಪರೀಕ್ಷೆ, 412ನ್ನು ಜೋಡಿಸುವಾಗ 452ರ ಪ್ಯಾಂಟು ತೋರಿಸಿ. ಕೂಗಿಕೊಳ್ಳಬೇಕು. ಸುಮ್ಮನೆ ಬೀಪ್ ಅಂದು ಒಂಬತ್ತು ಅಂತ ತೋರಿಸಿದರೆ ನಿಮ್ಮ ಹಳೆಯ ಪೆನ್ಸಿಲೇ ಮೇಲು. ಮೂಟೆ ಬಿಚ್ಚದೆ ಎಣಿಸುವ ರೇಡಿಯೋ ಚಿಪ್ಪು ಹೋಟೆಲು, ಆಸ್ಪತ್ರೆಯ ಹಾಸುಬಟ್ಟೆಗೆ ಹೇಳಿಮಾಡಿಸಿದ್ದು. ಒದ್ದೆ ಮೂಟೆಯಲ್ಲೂ ಲೋಹದ ಪಕ್ಕದಲ್ಲೂ ಅದು ಕೆಲವನ್ನು ಓದದೆ ಬಿಡುತ್ತದೆ ಅನ್ನುವುದನ್ನು ಮಾರುವವರು ಕೊನೆಯಲ್ಲಿ ಹೇಳುತ್ತಾರೆ.

ಕೊಡುವಾಗ ಟ್ಯಾಗನ್ನು ಮೊದಲೇ ಕತ್ತರಿಸಬೇಡಿ. ನೋಡಲು ಚೆನ್ನಾಗಿರಲಿ ಅಂತ ಪ್ಯಾಕಿಂಗಿನಲ್ಲೇ ತೆಗೆಯುವವರಿದ್ದಾರೆ. 'ಇದು ನಮ್ಮದಲ್ಲ' ಅಂತ ಗಿರಾಕಿ ಮಾರನೆಯ ದಿನ ತಂದರೆ ಆಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಟ್ಯಾಗು ಬಟ್ಟೆಯ ಜೊತೆ ಮನೆಗೆ ಹೋಗಲಿ. ಮುಂದಿನ ಸಲ ಬಂದಾಗ ತೆಗೆಯುವ ಕೆಲಸ ನಿಮ್ಮದು, ಅದನ್ನು ಆಗಲೇ ಹೇಳಿದೆ.

ಇನ್ನು ಅರ್ಧ ಡೆಲಿವರಿ. ಗಿರಾಕಿ ಬುಧವಾರವೇ ಬಂದು 'ಸೀರೆ, ರವಿಕೆ ಮಾತ್ರ ಕೊಡಿ, ಉಳಿದದ್ದು ಆಮೇಲೆ' ಅನ್ನುತ್ತಾರೆ. ಕೊಡಲೇಬೇಕಾಗುತ್ತದೆ. ಅಲ್ಲಿಂದ ಮುಂದೆ 'ಒಟ್ಟು ಒಂಬತ್ತು' ಅನ್ನುವ ಟ್ಯಾಗಿನ ಮಾತು ಸುಳ್ಳಾಗುತ್ತದೆ. ಜೋಡಿಸುವವನು ಬಾರದ ಎರಡಕ್ಕೆ ಕಾಯುತ್ತ ಕೂರುತ್ತಾನೆ, ಇಲ್ಲವೇ ಅಭ್ಯಾಸಬಲದಿಂದ ಏಳಕ್ಕೇ ಮುಗಿಸಲು ಕಲಿಯುತ್ತಾನೆ, ಅದು ಇನ್ನೂ ಅಪಾಯ. ಅದಕ್ಕೆ ಅಂಗಡಿಯ ಬಿಲ್ ಪ್ರತಿಯ ಕೆಳಗೆ ಒಂದರಿಂದ ಇಪ್ಪತ್ತರವರೆಗೆ ಅಂಕಿಯ ಸಾಲು ಅಚ್ಚು ಹಾಕಿಸಿಕೊಳ್ಳಿ. 8 ಮತ್ತು 9ಕ್ಕೆ ಸುತ್ತು ಹಾಕಿ, ತಾರೀಕು ಬರೆದು, ಗಿರಾಕಿಯ ಸಹಿ ಹಾಕಿಸಿ. ಆ ಎರಡು ನಂಬರನ್ನು ಒಂದು ಚೀಟಿಯಲ್ಲಿ ಬರೆದು ಎರಡನೆಯ ಕೊಕ್ಕೆಗೆ ನೇತುಹಾಕಿ. ಹಾಜರಿ ಕರೆಯುವವನು ಎಂಟಕ್ಕೆ ಬಂದಾಗ ಬಟ್ಟೆಯ ಬದಲು ಆ ಚೀಟಿಯನ್ನು ಓದಿ ಮುಂದೆ ಹೋಗುತ್ತಾನೆ.